ಒಟ್ಟಿಗೆ ದುಡ್ಡು ಹಾಕಿದ ದಿನವೇ ಬಿಲ್‌ವಾರು ಮೇಲ್ ಕಳಿಸಿ

ಉದ್ಯಮಬಾಗ್‌ನಲ್ಲಿ ಫೌಂಡ್ರಿಯವರಿಂದ ಕಾಸ್ಟಿಂಗ್ ತರಿಸುವ ನಮ್ಮಂಥ ವರ್ಕ್‌ಶಾಪ್‌ನವರಿಗೆ ಒಂದು ಮಾತು. ಮೂರ್ನಾಲ್ಕು ಬಿಲ್ಲಿನ ದುಡ್ಡನ್ನು ಒಂದೇ ಸಲ ಎನ್‌ಇಎಫ್‌ಟಿ ಮಾಡಿ, ಸುಮ್ನೆ ಯುಟಿಆರ್ ನಂಬರ್ ಮಾತ್ರ ಕಳಿಸಬೇಡಿ.

ನಾನು ಹಾಗೇ ಮಾಡಿದ್ದೆ. ಬಿಲ್ ಮೂರು: 212ಕ್ಕೆ 48,000, 219ಕ್ಕೆ 36,500, 225ಕ್ಕೆ 61,200 ರೂಪಾಯಿ. ಒಟ್ಟು 1,45,700. ನಾನು ಹಾಕಿದ್ದು 1,43,340. ಫೌಂಡ್ರಿಯ ಲೆಕ್ಕದವರು ಅದನ್ನು ಹಳೆಯ ಬಿಲ್ಲಿನಿಂದ ಸಾಲಾಗಿ ಕಳೆಯುತ್ತಾ ಬಂದರು. ಕೊನೆಗೆ 225ರಲ್ಲಿ 2,360 ಬಾಕಿ ಅಂತ ನಿಂತಿತು. "225ರಲ್ಲಿ ಯಾಕೆ ಕಡಿಮೆ ಹಾಕೀರಿ ಸರ್?" ಅಂತ ಫೋನ್ ಬಂತು. ನಿಜವಾಗಿ ಕಡಿತ ಇದ್ದದ್ದು 219ರಲ್ಲಿ. ಅದರ ನಾಲ್ಕು ಕಾಸ್ಟಿಂಗ್‌ನಲ್ಲಿ ಗಾಳಿತೂತು ಬಿದ್ದು ವಾಪಸ್ ಕಳಿಸಿದ್ದೆವು. ತಲಾ 500ರಂತೆ 2,000, ಅದಕ್ಕೆ ಶೇ. 18 ಜಿಎಸ್‌ಟಿ 360.

ಈಗ ದುಡ್ಡು ಹೋದ ದಿನವೇ ಹೀಗೆ ಬರೆದು ಕಳಿಸುತ್ತೇನೆ:

```
ಬಿಲ್ 212: 48,000 ಪೂರ್ತಿ
ಬಿಲ್ 219: 36,500 - 2,360 = 34,140
  (4 ಕಾಸ್ಟಿಂಗ್ ವಾಪಸ್, ಡೆಬಿಟ್ ನೋಟ್ 17)
ಬಿಲ್ 225: 61,200 ಪೂರ್ತಿ
ಒಟ್ಟು: 1,43,340
```

ಮೇಲೆ ತಾರೀಖು, ಯುಟಿಆರ್. ಕೆಳಗಿನ ಒಟ್ಟು ಬ್ಯಾಂಕಿನಿಂದ ಹೋದ ಮೊತ್ತಕ್ಕೆ ಪೈಸೆ ಸಮೇತ ಹೊಂದಬೇಕು. ಬಿಲ್ ನಂಬರ್ ಅವರದ್ದೇ ಹಾಕಿ, ನಮ್ಮ ಪರ್ಚೇಸ್ ನಂಬರ್ ಅವರಿಗೆ ಗೊತ್ತಾಗಲ್ಲ. ಟಿಡಿಎಸ್ ಕಡಿದಿದ್ದರೆ ಅದಕ್ಕೆ ಬೇರೆ ಸಾಲು ಇರಲಿ. ರಿಜೆಕ್ಷನ್ ಜೊತೆ ಸೇರಿಸಿದರೆ ಅವರು ಅದನ್ನೂ ಬಾಕಿ ಅಂತಲೇ ಕೇಳುತ್ತಾರೆ. ಡೆಬಿಟ್ ನೋಟ್ ಕಾಪಿಯನ್ನೂ ಅದೇ ಮೇಲ್‌ಗೆ ಲಗತ್ತಿಸಿ.