ವೆಡ್ಜ್‌ನ ಗೆರೆ ಮುರಿದರೆ ಸಾಲದು, ಹಿಂದಿನ ಲೋ ಕೂಡ ಮುರಿಯಬೇಕು

ಷೇರಿನ ಬೆಲೆಯ ಚಾರ್ಟ್‌ನಲ್ಲಿ ಕಾಣುವ ರೈಸಿಂಗ್ ವೆಡ್ಜ್ ಅನ್ನುವ ಆಕಾರದಲ್ಲಿ ಎರಡು ಗೆರೆ ಇರುತ್ತವೆ. ಬೆಲೆ ಏರಿ ತಿರುಗಿದ ಹೈಗಳನ್ನು ಸೇರಿಸಿದ್ದು ಒಂದು, ಇಳಿದು ತಿರುಗಿದ ಲೋಗಳನ್ನು ಸೇರಿಸಿದ್ದು ಇನ್ನೊಂದು. ಎರಡೂ ಮೇಲಕ್ಕೇ ಹೋಗುತ್ತವೆ. ಆದರೆ ಕೆಳಗಿನದು ಜಾಸ್ತಿ ಕಡಿದಾಗಿ ಏರುತ್ತದೆ, ಹಾಗಾಗಿ ಮುಂದೆ ಎಲ್ಲೋ ಒಂದು ಕಡೆ ಎರಡೂ ಕೂಡುತ್ತವೆ. ಫಾಲಿಂಗ್ ವೆಡ್ಜ್ ಇದರ ತಿರುಗುಮುರುಗು: ಎರಡೂ ಗೆರೆ ಇಳಿಯುತ್ತವೆ, ಮೇಲಿನದು ಬೇಗ ಇಳಿಯುತ್ತದೆ. ಏರುತ್ತಿರುವ ವೆಡ್ಜ್ ಸಾಮಾನ್ಯವಾಗಿ ಕೆಳಕ್ಕೆ ಮುರಿಯುತ್ತದೆ, ಇಳಿಯುತ್ತಿರುವುದು ಮೇಲಕ್ಕೆ. ಚಾರ್ಟ್ ಕಲಿಯುವವರಿಗೆ ಇದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಯಾಕೆ ಹಾಗೆ ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ವೆಡ್ಜ್ ನೋಡುವ ರೀತಿ ಪೂರ್ತಿ ನಿಂತಿರುವುದು ಆ 'ಯಾಕೆ' ಮೇಲೆ. ಆದ್ದರಿಂದ ನಾನೇ ಟ್ರೇಡ್ ಮಾಡಿದ ಒಂದು ಷೇರನ್ನು ಹಿಡಿದು ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಬೆಲೆಗಳನ್ನು ಹತ್ತಿರದ ರೂಪಾಯಿಗೆ ದುಂಡು ಮಾಡಿದ್ದೇನೆ.

ಆ ಷೇರು 620ರಿಂದ 480ಕ್ಕೆ ಬಿದ್ದು, ಅಲ್ಲಿಂದ ಚೇತರಿಸಿಕೊಳ್ಳುತ್ತಿತ್ತು. 480 ಮುಟ್ಟಿದ ದಿನವನ್ನು ಸೊನ್ನೆ ಅಂದುಕೊಳ್ಳಿ. ಮುಂದಿನದೆಲ್ಲ ಮಾರ್ಕೆಟ್ ತೆರೆದಿರುವ ದಿನಗಳ ಲೆಕ್ಕ. 8ನೇ ದಿನ 528ಕ್ಕೆ ಹೋಯಿತು, 14ನೇ ದಿನ 501ಕ್ಕೆ ಇಳಿಯಿತು. 20ನೇ ದಿನ 537, 26ನೇ ದಿನ 519, 32ನೇ ದಿನ 546. ಮೂರು ಹೈ, ಮೂರು ಲೋ. ಪ್ರತಿ ಗೆರೆಗೂ ಮೂರು ಕಡೆ ಆಸರೆ ಸಿಗುವ ತನಕ ನಾನು ವೆಡ್ಜ್ ಅಂತ ಕರೆಯುವುದೇ ಇಲ್ಲ. ಯಾವ ಎರಡು ಚುಕ್ಕಿಗಾದರೂ ಒಂದು ಗೆರೆ ಎಳೆಯಬಹುದು, ಅಲ್ವಾ?

ಈ ಅಂಕಿಗಳಲ್ಲೇ ಒಂದು ಕಥೆ ಇದೆ. ಲೋಗಳು ಮೊದಲು 21 ರೂಪಾಯಿ ಏರಿದವು, ಆಮೇಲೆ 18. ಹೈಗಳು ಎರಡು ಸಲವೂ ಏರಿದ್ದು ಬರೀ 9. ಅಂದರೆ ಕೊಳ್ಳುವವರು ಪ್ರತಿ ಸಲ ಹೆಚ್ಚು ಬೆಲೆ ಕೊಟ್ಟು, ಕಡಿಮೆ ಇಳಿತಕ್ಕೇ ಒಳಗೆ ಬರುತ್ತಿದ್ದರು. ಅವರಿಗೆ ಸಿಗುತ್ತಿದ್ದ ಏರಿಕೆ ಮಾತ್ರ ಚಿಕ್ಕದಾಗುತ್ತಾ ಹೋಯಿತು: 48 ರೂಪಾಯಿ, 36, 27. ವಾಲ್ಯೂಮ್ ಕೂಡ ಏರುವ ದಿನಗಳಲ್ಲಿ ಕರಗುತ್ತಾ ಬಂತು. ಹೊಸಬರು ಬರುವುದು ಕಡಿಮೆಯಾಗಿತ್ತು, ಒಳಗಿದ್ದವರೇ ಇನ್ನೂ ಸ್ವಲ್ಪ ಸ್ವಲ್ಪ ಸೇರಿಸಿಕೊಳ್ಳುತ್ತಿದ್ದರು.

ಸ್ಟಾಪ್‌ಲಾಸ್ ಎಲ್ಲಿರುತ್ತದೆ ಅಂತಲೂ ನೋಡಿ. ಕೊನೆಯ ಏರಿಕೆಯಲ್ಲಿ 530ರ ಆಸುಪಾಸು ಕೊಂಡವರೆಲ್ಲ ಸ್ಟಾಪ್ ಇಡುವುದು 519ರ ಕೆಳಗೆ. ಸ್ವಲ್ಪ ಮೊದಲು ಕೊಂಡವರೂ ಲಾಭ ಉಳಿಸಿಕೊಳ್ಳಲು ತಮ್ಮ ಸ್ಟಾಪನ್ನು ಅಲ್ಲಿಗೇ ಏರಿಸಿರುತ್ತಾರೆ. ವೆಡ್ಜ್ ಕಿರಿದಾದಷ್ಟೂ ಎಲ್ಲರ ಮಾರುವ ಆರ್ಡರ್‌ಗಳು ಒಂದೇ ಜಾಗದಲ್ಲಿ ಗುಂಪಾಗುತ್ತವೆ. ಅದರ ಕೆಳಗೆ ಆಸರೆಯೂ ಗಟ್ಟಿ ಇರುವುದಿಲ್ಲ. ಏರುವಾಗಲೇ ತೆಳ್ಳಗಿನ ವಾಲ್ಯೂಮ್‌ನಲ್ಲಿ ಬಂದ ಬೆಲೆ ಅದು, ಅಲ್ಲಿ ಕೊಂಡು ಹಿಡಿದುಕೊಂಡವರು ಹೆಚ್ಚಿಲ್ಲ. ಹಾಗಾಗಿ ಬಿದ್ದರೆ ವೆಡ್ಜ್ ಶುರುವಾದ ಜಾಗದವರೆಗೂ ಬೇಗ ಬೀಳುತ್ತದೆ.

ಇಲ್ಲಿಯವರೆಗಿನ ಮಾತು ಅಲ್ಲಿ ಇಲ್ಲಿ ಕೇಳಿರುತ್ತೀರಿ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಬರೀ ಲೆಕ್ಕದ ವಿಷಯ. ಆ ಷೇರಿನ ಕೆಳಗಿನ ಗೆರೆ ದಿನಕ್ಕೆ ಒಂದೂವರೆ ರೂಪಾಯಿ ಏರುತ್ತಿತ್ತು, ಮೇಲಿನದು ಮುಕ್ಕಾಲು ರೂಪಾಯಿ. 32ನೇ ದಿನ ಬೆಲೆ 546 ಆಗಿತ್ತಲ್ಲ, ಅಲ್ಲೇ ಅಲ್ಲಾಡದೆ ಕೂತಿತು ಅಂದುಕೊಳ್ಳೋಣ. ಯಾರೂ ಮಾರಲಿಲ್ಲ, ಯಾರೂ ಗಾಬರಿಯಾಗಲಿಲ್ಲ. ಆದರೂ 44ನೇ ದಿನಕ್ಕೆ ಕೆಳಗಿನ ಗೆರೆಯೇ ಮೇಲೆ ಬಂದು 546 ಮುಟ್ಟುತ್ತದೆ. ಮರುದಿನ ವೆಡ್ಜ್ 'ಕೆಳಕ್ಕೆ ಮುರಿಯಿತು'! ಅದೇ ಮೇಲಕ್ಕೆ ಮುರಿಯಬೇಕಾದರೆ ಆ ಹೊತ್ತಿಗೆ 555 ದಾಟಬೇಕು, ಅದಕ್ಕೆ ಯಾರಾದರೂ ನಿಜವಾಗಿ ದುಡ್ಡು ಹಾಕಬೇಕು. ಏರುವ ವೆಡ್ಜ್‌ನೊಳಗೆ ಉಳಿಯಬೇಕಾದರೆ ಬೆಲೆ ಏರುತ್ತಲೇ ಇರಬೇಕು, ಸುಮ್ನೆ ನಿಂತರೂ ಸೋತಂತೆ. ಇಳಿಯುವ ವೆಡ್ಜ್‌ನಲ್ಲಿ ಇದೇ ಲೆಕ್ಕ ತಿರುಗಿಸಿ ಹಾಕಿ: ಅಲ್ಲಿ ಸುಮ್ನೆ ನಿಂತ ಷೇರು ಮೇಲಿನ ಗೆರೆ ದಾಟಿಬಿಡುತ್ತದೆ.

ಹಾಗಾಗಿ ವೆಡ್ಜ್‌ಗಳು ಇಳಿಜಾರಿನ ವಿರುದ್ಧ ಮುರಿಯುವುದರಲ್ಲಿ ಒಂದು ಪಾಲು ಕೊಳ್ಳುವವರ ಸುಸ್ತು, ಇನ್ನೊಂದು ಪಾಲು ಓರೆಯಾಗಿ ಎಳೆದ ಗೆರೆಯ ಗುಣ. ಎರಡನೆಯದರಿಂದ ದುಡ್ಡು ಬರುವುದಿಲ್ಲ. 546ರಲ್ಲೇ ಕೂತ ಷೇರನ್ನು ಷಾರ್ಟ್ ಮಾಡಿ, ಅಂದರೆ ಇಳಿದಾಗ ವಾಪಸ್ ಕೊಳ್ಳೋಣ ಅಂತ ಮೊದಲೇ ಮಾರಿ, ಏನು ಸಿಗುತ್ತದೆ? ಈ ಎರಡನ್ನು ಬೇರೆ ಮಾಡಲು ನನಗೆ ಗೊತ್ತಿರುವ ಸರಳ ದಾರಿ ಹಿಂದಿನ ಲೋ. ಓರೆ ಗೆರೆಯನ್ನು ಮುರಿಯಲು ಕಾಲ ಸರಿದರೆ ಸಾಕು. ಆದರೆ 519 ಅಡ್ಡಗೆರೆ, ಅದು ಕದಲುವುದಿಲ್ಲ. ಅದರ ಕೆಳಗೆ ಬೆಲೆ ಮುಚ್ಚಬೇಕಾದರೆ ಯಾರಾದರೂ ನಿಜವಾಗಿ ಮಾರಲೇಬೇಕು. ನಾನು ಕಾಯುವುದು ಅದಕ್ಕೆ.

ಆ ಷೇರು 36ನೇ ದಿನ 532ಕ್ಕೆ ಮುಚ್ಚಿತು. ಗೆರೆ ಆಗ 534ರಲ್ಲಿತ್ತು, ಅಂದರೆ ಪುಸ್ತಕದ ಪ್ರಕಾರ ಬ್ರೇಕ್‌ಡೌನ್ ಆಗಿಹೋಗಿತ್ತು. ನಾನು ಏನೂ ಮಾಡಲಿಲ್ಲ. 39ನೇ ದಿನ ಬೆಲೆ 538ಕ್ಕೆ ಎದ್ದು, ಕೆಳಗಿನಿಂದ ಅದೇ ಗೆರೆಯನ್ನು ಮುಟ್ಟಿ ತಿರುಗಿತು. ಇಂಥ ವಾಪಸಾತಿ ತುಂಬಾ ಸಲ ಬರುತ್ತದೆ. ಗೆರೆ ಮುರಿದ ಕೂಡಲೇ ಷಾರ್ಟ್ ಮಾಡಿ ಬಿಗಿಯಾದ ಸ್ಟಾಪ್ ಇಟ್ಟವರು ಹೊರಬೀಳುವುದೂ ಇಲ್ಲೇ. ಆ ಎರಡು ಮೂರು ದಿನದ ಏರಿಕೆಯ ವಾಲ್ಯೂಮ್ ಮುಂಚಿಗಿಂತ ಕಡಿಮೆ ಇತ್ತು, ಅದು ನನಗೆ ಬೇಕಾಗಿದ್ದ ಗುರುತು. 43ನೇ ದಿನ 516ಕ್ಕೆ ಮುಚ್ಚಿತು, 519 ಹೋಯಿತು. ಅವತ್ತು ಕೊನೆಯ ನಿಮಿಷಗಳಲ್ಲಿ ಫ್ಯೂಚರ್ಸ್‌ನಲ್ಲಿ ಒಂದು ಲಾಟ್ ಮಾರಿದೆ.

ಸ್ಟಾಪ್ ಇಟ್ಟಿದ್ದು 541ರಲ್ಲಿ, ವಾಪಸಾತಿಯ 538ಕ್ಕಿಂತ ಸ್ವಲ್ಪ ಮೇಲೆ. ಅಂದರೆ ಷೇರಿಗೆ 25 ರೂಪಾಯಿ ಅಪಾಯ. ಲಾಟ್ 1,000 ಷೇರಿನದಾದರೆ 25,000 ರೂಪಾಯಿ. ಬೆಳಿಗ್ಗೆ ಬೆಲೆ ಗ್ಯಾಪ್‌ನಲ್ಲಿ ತೆರೆದರೆ ಅದಕ್ಕಿಂತ ಜಾಸ್ತಿಯೇ ಹೋಗಬಹುದು. ಟಾರ್ಗೆಟ್ ವೆಡ್ಜ್ ಶುರುವಾದ 480. ಆದರೆ ಎಲ್ಲರೂ ಕಾಯುತ್ತಿರುವ ಅಂಕಿಯಲ್ಲಿ ನಾನು ಆರ್ಡರ್ ಇಡುವುದಿಲ್ಲ, ಸ್ವಲ್ಪ ಮೇಲೆ 486ಕ್ಕೆ ಇಟ್ಟೆ. ಬೆಲೆ ಅಲ್ಲಿಗೆ ಬಂತು, ಟ್ರೇಡ್ ಮುಗಿಯಿತು. 25 ಕಳೆಯುವ ಸಾಧ್ಯತೆಗೆ ಎದುರಾಗಿ 30 ರೂಪಾಯಿ. ಬೀಗುವಂಥದ್ದೇನಲ್ಲ. ಲೋ ಮುರಿಯುವ ತನಕ ಕಾದದ್ದಕ್ಕೆ ನಾನು ಕೊಟ್ಟ ಬೆಲೆ ಅದು: 532ರಲ್ಲೇ ಮಾರಿದ್ದರೆ ಇನ್ನೂ 16 ರೂಪಾಯಿ ಸಿಗುತ್ತಿತ್ತು. ಆದರೂ ನಾನು ಈ ಬೆಲೆ ಕೊಡಲು ತಯಾರು. ಗೆರೆ ಮುರಿದು ಅಡ್ಡಡ್ಡ ಹೋಗಿ ಮತ್ತೆ ಏರುವ ವೆಡ್ಜ್‌ಗಳು ಅದರಿಂದ ತಾನಾಗಿಯೇ ಜಾಲಿಸಿ ಹೋಗುತ್ತವೆ.

ಫ್ಯೂಚರ್ಸ್ ಯಾಕೆ ಅಂದರೆ, ಕ್ಯಾಶ್ ಮಾರ್ಕೆಟ್‌ನಲ್ಲಿ ನಮ್ಮಂಥವರು ಷಾರ್ಟ್ ಮಾಡಿದ್ದನ್ನು ಅದೇ ದಿನ ಮುಚ್ಚಬೇಕು. ಮುಚ್ಚದಿದ್ದರೆ ಕೊಡಲು ಷೇರು ಇರುವುದಿಲ್ಲ, ವಿಷಯ ಎಕ್ಸ್‌ಚೇಂಜ್‌ನ ಹರಾಜಿಗೆ ಹೋಗುತ್ತದೆ. ವಾರಗಟ್ಟಲೆ ಇಟ್ಟುಕೊಳ್ಳುವ ಟ್ರೇಡ್‌ಗೆ ಅದು ಆಗುವುದಿಲ್ಲ. ಫ್ಯೂಚರ್ಸ್ ಇಲ್ಲದ ಷೇರಿನಲ್ಲಿ ರೈಸಿಂಗ್ ವೆಡ್ಜ್ ಕಂಡರೆ, ನನ್ನ ಬಳಿ ಆ ಷೇರಿದ್ದರೆ ಮಾರಿ ಹೊರಬರಲು ಅದನ್ನು ಬಳಸುತ್ತೇನೆ, ಅಷ್ಟೇ.

ಫಾಲಿಂಗ್ ವೆಡ್ಜ್‌ಗೆ ಬಂದರೆ ಇನ್ನೊಂದು ತೊಡಕಿದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಒಂದು ಷೇರಿನ ಹೈಗಳು 400, 320, 256, ಲೋಗಳು 350, 280, 224 ಅಂದುಕೊಳ್ಳಿ. ಹೈ-ಲೋ ನಡುವಿನ ಅಂತರ 50, 40, 32. ಮಾಮೂಲಿ ಚಾರ್ಟ್‌ನಲ್ಲಿ ಗೆರೆಗಳು ಹತ್ತಿರವಾಗುತ್ತಾ ಬರುತ್ತವೆ, ನೋಡಿದವರು ಫಾಲಿಂಗ್ ವೆಡ್ಜ್ ಅನ್ನುತ್ತಾರೆ. ಆದರೆ ಪ್ರತಿ ಹೈ ಅದರ ಹಿಂದಿನದಕ್ಕಿಂತ ಸರಿಯಾಗಿ ಶೇ. 20 ಕೆಳಗಿದೆ, ಪ್ರತಿ ಲೋ ಕೂಡ ಹಾಗೇ. ಮಾರುವವರಿಗೆ ಒಂಚೂರೂ ಸುಸ್ತಾಗಿಲ್ಲ! ಬೆಲೆ ಚಿಕ್ಕದಾದ್ದರಿಂದ ರೂಪಾಯಿ ಲೆಕ್ಕದಲ್ಲಿ ಅಂತರವೂ ಚಿಕ್ಕದಾಗಿ ಕಾಣುತ್ತಿದೆ, ಅಷ್ಟೇ. ಅದೇ ಚಾರ್ಟನ್ನು, ಸಮನಾದ ಶೇಕಡಾ ಬದಲಾವಣೆಗೆ ಸಮನಾದ ಅಂತರ ತೋರಿಸುವ ಲಾಗ್ ಸ್ಕೇಲ್‌ಗೆ ಬದಲಿಸಿದರೆ ಎರಡು ಗೆರೆ ಸಮಾನಾಂತರವಾಗಿ ಇಳಿಯುವುದು ಕಾಣುತ್ತದೆ. ಅದು ವೆಡ್ಜ್ ಅಲ್ಲ, ನೇರವಾದ ಇಳಿತ. ರೈಸಿಂಗ್ ವೆಡ್ಜ್‌ನಲ್ಲಿ ಮೋಸ ಉಲ್ಟಾ ಬರುತ್ತದೆ: ಮಾಮೂಲಿ ಸ್ಕೇಲ್‌ನಲ್ಲಿ ಸಮಾನಾಂತರವಾಗಿ ಏರುವ ಗೆರೆಗಳು ಲಾಗ್‌ನಲ್ಲಿ ಕೂಡುವಂತೆ ಕಾಣುತ್ತವೆ. ಹಾಗಾಗಿ ಎರಡೂ ಸ್ಕೇಲ್‌ನಲ್ಲಿ ವೆಡ್ಜ್ ಆಗಿ ಉಳಿದದ್ದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಷೇರಿನಲ್ಲಿ ಗೆರೆಗಳ ಅಂತರ 8ನೇ ದಿನ ಶೇ. 7ರಷ್ಟಿದ್ದದ್ದು 32ನೇ ದಿನ ಶೇ. 3ರ ಹತ್ತಿರಕ್ಕೆ ಬಂದಿತ್ತು, ಅದು ನಿಜವಾದ ಕಿರಿದಾಗುವಿಕೆ.

ಫಾಲಿಂಗ್ ವೆಡ್ಜ್‌ನಲ್ಲಿ ಗೆರೆಯ ಜೊತೆ ಹಿಂದಿನ ಹೈ ಕೂಡ ದಾಟಬೇಕು, ದಾಟುವ ದಿನ ವಾಲ್ಯೂಮ್ ಎದ್ದು ಕಾಣಬೇಕು. ಷೇರು ತನ್ನ ತೂಕಕ್ಕೇ ಬೀಳಬಹುದು, ಆದರೆ ಏರಲು ಕೊಳ್ಳುವವರು ಬೇಕು. ನಾನು ಕಂಡಂತೆ ರೈಸಿಂಗ್ ವೆಡ್ಜ್ ಮುರಿದರೆ ಬೇಗ ಬೀಳುತ್ತದೆ, ಫಾಲಿಂಗ್ ವೆಡ್ಜ್ ಮುರಿದ ಮೇಲೆ ಎಷ್ಟೋ ಸಲ ವಾರಗಟ್ಟಲೆ ಅಡ್ಡಡ್ಡ ತೆವಳಿ ಆಮೇಲೆ ಏರುತ್ತದೆ. ಅದಕ್ಕೇ ಅಲ್ಲಿ ನಾನು ಫ್ಯೂಚರ್ಸ್ ಬದಲು ಷೇರನ್ನೇ ಕೊಳ್ಳುತ್ತೇನೆ, ತಿಂಗಳ ಎಕ್ಸ್‌ಪೈರಿಯ ಗಡಿಬಿಡಿ ಇರುವುದಿಲ್ಲ.

ದೊಡ್ಡ ಟ್ರೆಂಡ್ ಯಾವ ಕಡೆ ಇದೆ ಅನ್ನುವುದನ್ನೂ ನೋಡಲೇಬೇಕು. ನನ್ನ ಷೇರು 620ರಿಂದ ಬಿದ್ದು, ಆ ಇಳಿತದ ಮಧ್ಯೆ ಸ್ವಲ್ಪ ಏರುತ್ತಿತ್ತು. ವೆಡ್ಜ್ ಏರುಮುಖ, ಅದರ ಹಿಂದಿನ ಟ್ರೆಂಡ್ ಇಳಿಮುಖ. ನಾನು ಹುಡುಕುವುದು ಇಂಥವನ್ನೇ. ಎರಡು ವರ್ಷದಿಂದ ಏರುತ್ತಲೇ ಇರುವ ಷೇರು ಹೊಸ ಎತ್ತರದಲ್ಲಿ ವೆಡ್ಜ್ ಮಾಡಿದರೆ, ಅದು ಮುರಿದ ಮೇಲೂ ಬರೀ ಅಡ್ಡಡ್ಡ ಹೋಗಿ ವಿಶ್ರಾಂತಿ ತೆಗೆದುಕೊಳ್ಳುವುದೇ ಜಾಸ್ತಿ. ಅಲ್ಲಿ ಷಾರ್ಟ್ ಮಾಡುವುದಿಲ್ಲ.

ವೆಡ್ಜ್ ಕೆಡುತ್ತಿದೆ ಅಂತ ಮೊದಲು ತಿಳಿಸುವುದು ವಾಲ್ಯೂಮ್. ಮೂರನೇ ಏರಿಕೆಯಲ್ಲಿ ವಾಲ್ಯೂಮ್ ಕರಗುವ ಬದಲು ಉಬ್ಬಿದರೆ ನನ್ನ ಆಸಕ್ತಿ ಅಲ್ಲಿಗೇ ಮುಗಿಯಿತು. ಹೊಸ ದುಡ್ಡು ಬರುತ್ತಿದೆ, ಮೇಲಿನ ಗೆರೆ ಮುರಿಯುವ ಸಾಧ್ಯತೆ ಹೆಚ್ಚು. ಹಾಗೆ ಮುರಿದರೆ ಅಷ್ಟರಲ್ಲಿ ಷಾರ್ಟ್ ಮಾಡಿದವರೆಲ್ಲ ವಾಪಸ್ ಕೊಳ್ಳಲು ಓಡುತ್ತಾರೆ, ಏರಿಕೆ ಜೋರಾಗಿರುತ್ತದೆ. ತ್ರೈಮಾಸಿಕ ಫಲಿತಾಂಶದ ದಿನ ವೆಡ್ಜ್‌ನ ತುದಿಯ ಹತ್ತಿರ ಬಿದ್ದರೂ ನಾನು ದೂರ ಇರುತ್ತೇನೆ, ಅವತ್ತಿನ ಗ್ಯಾಪ್‌ಗೆ ಗೆರೆಗಳ ಹಂಗಿಲ್ಲ.

ಕೊನೆಯದು ಆ ತುದಿಯ ವಿಷಯ. ಆ ಷೇರಿನ ಎರಡು ಗೆರೆಗಳು 56ನೇ ದಿನ 564ರಲ್ಲಿ ಕೂಡುತ್ತಿದ್ದವು. ಬೆಲೆ ಗೆರೆ ಮುರಿದದ್ದು ಮೂರನೇ ಎರಡರಷ್ಟು ದಾರಿ ಕಳೆಯುವ ಹೊತ್ತಿಗೆ, ಲೋ ಮುರಿದದ್ದು ಮುಕ್ಕಾಲರ ಸುಮಾರಿಗೆ. ಆ ತುದಿಯ ದಿನ ಬಂದರೂ 519 ಹೋಗದೆ, 546 ದಾಟದೆ ಬೆಲೆ ನಡುವೆಯೇ ತೂಗಾಡುತ್ತಿದ್ದರೆ ಗೆರೆಗಳನ್ನು ಅಳಿಸಿಬಿಡುತ್ತಿದ್ದೆ. ಅಷ್ಟರಲ್ಲಿ ಹಳೆಯ ಸ್ಟಾಪ್‌ಗಳ ಗುಂಪು ಚದುರಿರುತ್ತದೆ, ಕೊಂಡವರು ಬದಲಾಗಿರುತ್ತಾರೆ. ಮುಂದೆ ಅದು ಯಾವ ಕಡೆ ಹೋದರೂ ವೆಡ್ಜ್‌ಗೂ ಅದಕ್ಕೂ ಸಂಬಂಧ ಇರುವುದಿಲ್ಲ.