‘ಸೊಸೈಟಿ ಪಟ್ಟಿ ಬಿಟ್ಟು ಬೇರೆ ತೋಟ ನೋಡಿದ್ದೀರಾ?’: ವೈವಾಕ್ಕೆ ಒಂದು ನಿಮಿಷದ ಉತ್ತರ ಸಿದ್ಧ ಮಾಡುವುದು ಹೇಗೆ

ವೈವಾದಲ್ಲಿ ತಬ್ಬಿಬ್ಬು ಮಾಡುವ ಪ್ರಶ್ನೆ ಎಲ್ಲಿಂದಲೋ ಹಾರಿ ಬರುವುದಿಲ್ಲ. ಹೆಚ್ಚಿನ ಸಲ ಅದು ನಿಮ್ಮ ಮಹಾಪ್ರಬಂಧದ ಒಳಗೇ ಕೂತಿರುತ್ತದೆ. ಅದೂ ನೀವೇ ಬರೆದ ‘ಅಧ್ಯಯನದ ಮಿತಿಗಳು’ ಎಂಬ ಅರ್ಧ ಪುಟದಲ್ಲಿ. ಪರೀಕ್ಷಕರು ಆ ಅರ್ಧ ಪುಟ ಓದಿ, ಮತ್ತೆ ಸಾರಾಂಶಕ್ಕೆ ಹೋಗಿ, ಅಲ್ಲಿ ನೀವು ಮಿತಿಯನ್ನು ಮರೆತು ಬರೆದ ಒಂದು ವಾಕ್ಯಕ್ಕೆ ಗೆರೆ ಎಳೆದಿರುತ್ತಾರೆ. ಪ್ರಶ್ನೆ ಹುಟ್ಟುವುದು ಅಲ್ಲಿ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿರಲಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿರಲಿ, ಪಿಎಚ್.ಡಿ. ವೈವಾದ ಚೌಕಟ್ಟು ಹೆಚ್ಚುಕಮ್ಮಿ ಒಂದೇ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರಬಂಧವನ್ನು ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ವೈವಾದಲ್ಲಿ ಅವರಲ್ಲಿ ಒಬ್ಬರಾದರೂ ಇರಬೇಕು. ಇತರ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಬಂದು ಕೂರಬಹುದು. ಅಂದರೆ ಪ್ರಶ್ನೆ ಕೇಳುವವರು ಒಬ್ಬರಾದರೂ ಉತ್ತರ ಕೇಳಿಸಿಕೊಳ್ಳುವವರು ಹಲವರು. ಅಲ್ಲಿ ಐದು ನಿಮಿಷ ಎಳೆದರೆ ನಡುವೆ ಹೊಸ ಪ್ರಶ್ನೆಗಳು ಹುಟ್ಟುತ್ತವೆ. ಒಂದು ನಿಮಿಷ ಸಾಕು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಲೆಕ್ಕಗಳೆಲ್ಲ ವಿವರಣೆಗಾಗಿ ನಾನೇ ಇಟ್ಟದ್ದು.

ಒಬ್ಬ ವಿದ್ಯಾರ್ಥಿನಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆಯ ಕೊಳೆ ರೋಗದ ಬಗ್ಗೆ ಅಧ್ಯಯನ ಮಾಡಿದ್ದಾಳೆ ಅಂದುಕೊಳ್ಳಿ. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣದ ಮೊದಲ ಸುತ್ತು ಹೊಡೆದವರಿಗೂ, ಮಳೆ ಶುರುವಾದ ಮೇಲೆ ಬಿಡುವು ನೋಡಿ ಹೊಡೆದವರಿಗೂ ನಷ್ಟದಲ್ಲಿ ಎಷ್ಟು ವ್ಯತ್ಯಾಸ ಎನ್ನುವುದು ಅವಳ ಪ್ರಶ್ನೆ. ತೋಟಗಳನ್ನು ಆರಿಸಿದ್ದು ಸಹಕಾರ ಸೊಸೈಟಿಯ ಸದಸ್ಯರ ಪಟ್ಟಿಯಿಂದ, ಒಟ್ಟು 80. ಅವರಲ್ಲಿ 52 ಜನ ಮೊದಲೇ ಹೊಡೆದಿದ್ದರು, 28 ಜನ ತಡ ಮಾಡಿದ್ದರು. ಮೊದಲೇ ಹೊಡೆದವರಿಗೆ ನೂರಕ್ಕೆ 8 ಪಾಲು ನಷ್ಟ, ತಡ ಮಾಡಿದವರಿಗೆ 19. ಸಾರಾಂಶದಲ್ಲಿ ಹೀಗೆ ಬರೆದಿದ್ದಾಳೆ: ‘ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರಲ್ಲಿ ಶೇ 65ರಷ್ಟು ಜನ ಮುಂಗಾರಿಗೆ ಮೊದಲೇ ಔಷಧಿ ಸಿಂಪಡಿಸುತ್ತಾರೆ.’

ಪರೀಕ್ಷಕರು ಗೆರೆ ಎಳೆಯುವುದು ಇಲ್ಲಿಗೇ.

ಮೊದಲು, ಪ್ರಶ್ನೆಯನ್ನು ನೀವೇ ಬರೆಯಿರಿ

ಸಾರಾಂಶದ ಪುಟವನ್ನೂ ವಿಧಾನದ ಅಧ್ಯಾಯವನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಸಾರಾಂಶದ ಪ್ರತಿ ವಾಕ್ಯದಲ್ಲೂ ಯಾರ ಬಗ್ಗೆ, ಯಾವ ಊರಿನ ಬಗ್ಗೆ, ಯಾವ ವರ್ಷದ ಬಗ್ಗೆ ಹೇಳಿದ್ದೀರಿ ಎಂಬ ಪದಗಳಿಗೆ ಗೆರೆ ಹಾಕಿ. ಆಮೇಲೆ ವಿಧಾನದ ಅಧ್ಯಾಯದಲ್ಲಿ ನಿಜವಾಗಿ ಯಾರನ್ನು ಕಂಡಿರಿ ಎಂದು ನೋಡಿ. ಸಾರಾಂಶದ ಪದ ದೊಡ್ಡದಾಗಿ, ಅಳತೆ ಚಿಕ್ಕದಾಗಿ ಇರುವ ಕಡೆ ಪ್ರಶ್ನೆ ಇದೆ ಅಂತಲೇ ಲೆಕ್ಕ. ನಮ್ಮ ಉದಾಹರಣೆಯಲ್ಲಿ ‘ತಾಲ್ಲೂಕಿನ ಬೆಳೆಗಾರರು’ ದೊಡ್ಡ ಪದ. ಕಂಡದ್ದು ಸೊಸೈಟಿ ಸದಸ್ಯರನ್ನು ಮಾತ್ರ.

ಈಗ ಆ ಪ್ರಶ್ನೆಯನ್ನು ಮೆತ್ತಗೆ ಬರೆಯಬೇಡಿ. ‘ಮಾದರಿ ಸ್ವಲ್ಪ ಸೀಮಿತವಾಗಿದೆಯಲ್ಲವೇ?’ ಅಂತ ಬರೆದುಕೊಂಡರೆ ಉತ್ತರವೂ ಜೊಳ್ಳಾಗುತ್ತದೆ. ಕೇಳುವವರು ಕೇಳುವ ಹಾಗೆ ಬರೆಯಿರಿ: ‘ನಿಮ್ಮ 80 ತೋಟಗಳೂ ಸೊಸೈಟಿ ಪಟ್ಟಿಯವು. ಸದಸ್ಯರಲ್ಲದವರ ತೋಟ ಒಂದಾದರೂ ನೋಡಿದ್ದೀರಾ? ಇಲ್ಲ ಅಂದಮೇಲೆ ತಾಲ್ಲೂಕಿನ ಬೆಳೆಗಾರರು ಅಂತ ಹೇಗೆ ಬರೆದಿರಿ?’

ಪರೀಕ್ಷಕರ ವರದಿಯಲ್ಲಿನ ಪ್ರಶ್ನೆಗಳು ಗೈಡ್ ಮೂಲಕ ಮೊದಲೇ ಕೈಗೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ವರದಿಯ ಭಾಷೆ ಮೃದುವಾಗಿರುತ್ತದೆ, ಎದುರಿಗೆ ಕೇಳುವಾಗ ಹಾಗಿರುವುದಿಲ್ಲ.

ಯಾವುದು ಬೀಳುತ್ತದೆ, ಯಾವುದು ನಿಲ್ಲುತ್ತದೆ

ಇಡೀ ತಯಾರಿಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೆ. ಹೆಚ್ಚಿನವರು ಇದನ್ನು ಬಿಟ್ಟು ನೇರ ಉತ್ತರ ಬಾಯಿಪಾಠ ಮಾಡಲು ಕೂರುತ್ತಾರೆ.

ಒಂದು ಮಿತಿ ಪ್ರಬಂಧದ ಎಲ್ಲ ಮಾತುಗಳನ್ನೂ ಒಂದೇ ಸಮ ಕೆಡಿಸುವುದಿಲ್ಲ. ನಮ್ಮ ವಿದ್ಯಾರ್ಥಿನಿ ಎರಡು ಬೇರೆ ಬೇರೆ ಮಾತು ಹೇಳಿದ್ದಾಳೆ. ಒಂದು, ಎಷ್ಟು ಜನ ಮೊದಲೇ ಹೊಡೆಯುತ್ತಾರೆ ಎನ್ನುವ ಲೆಕ್ಕ. ಇನ್ನೊಂದು, ಮೊದಲೇ ಹೊಡೆದವರಿಗೂ ತಡ ಮಾಡಿದವರಿಗೂ ನಷ್ಟದಲ್ಲಿರುವ ಅಂತರ.

ಮೊದಲನೆಯದನ್ನು ನೋಡಿ. ನೂರು ಲೀಟರ್ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಬೇಕು. ಸದಸ್ಯರಿಗೆ ಮೈಲುತುತ್ತನ್ನು ಲೆಕ್ಕಕ್ಕೆ ಬರೆದು ಕೊಡುವ ಸೊಸೈಟಿಯಾದರೆ ಮೇ ತಿಂಗಳಲ್ಲಿ ಕೈಯಲ್ಲಿ ದುಡ್ಡಿಲ್ಲದವರೂ ಹೊಡೆಸಬಹುದು. ಸದಸ್ಯರಲ್ಲದವರಿಗೆ ಆ ಅನುಕೂಲ ಇಲ್ಲ. ಹಾಗಾಗಿ ಶೇ 65 ಎನ್ನುವುದು ಇಡೀ ತಾಲ್ಲೂಕಿನ ಮಟ್ಟಿಗೆ ಜಾಸ್ತಿಯೇ ಆಗಿರುವ ಸಂಭವ ಹೆಚ್ಚು. ಗಮನಿಸಿ, ‘ತಪ್ಪಿರಬಹುದು’ ಅಂತಷ್ಟೇ ಹೇಳಿ ಬಿಡುತ್ತಿಲ್ಲ. ಯಾವ ಕಡೆಗೆ ತಪ್ಪಿರಬಹುದು, ಯಾಕೆ, ಎರಡನ್ನೂ ಹೇಳುತ್ತಿದ್ದೇವೆ. ಪರೀಕ್ಷಕರು ಕಾಯುವುದು ಈ ಎರಡಕ್ಕೆ. ಈ ಮಾತು ಬಿತ್ತು, ಬೀಳಲಿ ಬಿಡಿ.

ಎರಡನೆಯದು ಬೇರೆ. ಇಲ್ಲಿ ಸದಸ್ಯರನ್ನು ಸದಸ್ಯರ ಜೊತೆಗೇ ಹೋಲಿಸಿದೆ. ಸೊಸೈಟಿಯ ಅನುಕೂಲ ಎರಡೂ ಗುಂಪಿಗೆ ಇತ್ತು. ಆದ್ದರಿಂದ 8ಕ್ಕೂ 19ಕ್ಕೂ ಇರುವ ಅಂತರವನ್ನು ‘ಅವರು ಸದಸ್ಯರು, ಅದಕ್ಕೆ’ ಎಂದು ತಳ್ಳಿಹಾಕಲು ಬರುವುದಿಲ್ಲ. ಇದು ನಿಲ್ಲುತ್ತದೆ, ಸದಸ್ಯರ ಮಟ್ಟಿಗೆ.

‘ಸದಸ್ಯರ ಮಟ್ಟಿಗೆ’ ಅನ್ನುವುದನ್ನು ಮಾತ್ರ ಬಿಡಬೇಡಿ. ಸದಸ್ಯರಲ್ಲದವರ ತೋಟ ತೀರಾ ಸಣ್ಣದಿದ್ದು, ಪಕ್ಕದ ತೋಟದವರು ಹೊಡೆಸದೆ ಬಿಟ್ಟಿದ್ದರೆ ರೋಗ ಅಲ್ಲಿಂದ ಇತ್ತ ಬರುತ್ತದೆ. ಆಗ ಮೊದಲೇ ಹೊಡೆದರೂ ಅಷ್ಟೇ ಲಾಭ ಸಿಗುತ್ತದೆ ಅಂತ ಹೇಳಲಾಗದು. ಇದು ತೋಟ ಗೊತ್ತಿರುವ ಯಾರಿಗೂ ಹೊಳೆಯುತ್ತದೆ, ಪರೀಕ್ಷಕರಿಗೆ ಹೊಳೆಯದೆ ಇರುತ್ತದೆಯೇ?

ಕೊನೆಗೆ, ಕೈಯಲ್ಲಿರುವ ದತ್ತಾಂಶದಿಂದಲೇ ಒಂದು ಸಣ್ಣ ಪರೀಕ್ಷೆ ಸಾಧ್ಯವೇ ನೋಡಿ. ಸದಸ್ಯರಲ್ಲದವರನ್ನು ಈಗ ಹೋಗಿ ಕಾಣಲಾಗದು. ಆದರೆ 80ರಲ್ಲಿ ಒಂದು ಎಕರೆಗಿಂತ ಕಡಿಮೆ ತೋಟದವರು 22 ಜನ ಇದ್ದಾರೆ ಎನ್ನಿ. ಅವರನ್ನಷ್ಟೇ ಬೇರೆ ತೆಗೆದು ನೋಡಿದರೆ ಅಂತರ ಅದೇ ದಿಕ್ಕಿಗೆ ಇದೆಯೇ? ಇದ್ದರೆ ಹೇಳಬಹುದು, ಇಲ್ಲದಿದ್ದರೆ ಅದನ್ನೂ ಹೇಳಬೇಕು. 22 ಚಿಕ್ಕ ಸಂಖ್ಯೆ, ಅದನ್ನು ಸಾಕ್ಷಿ ಎನ್ನಬೇಡಿ, ಸುಳಿವು ಎನ್ನಿ.

ಉತ್ತರ ಬರೆಯುವುದು

ಮೊದಲ ವಾಕ್ಯದಲ್ಲಿ ‘ಹೌದು’ ಇರಲಿ, ಜೊತೆಗೆ ಒಪ್ಪಿಕೊಂಡದ್ದು ಏನು ಎನ್ನುವುದು ಪೂರ್ತಿ ಇರಲಿ. ಆಮೇಲೆ ಬಿದ್ದ ಮಾತು, ನಿಂತ ಮಾತು, ಅದಕ್ಕೆ ಪ್ರಬಂಧದ ಪುಟ, ಕೊನೆಗೆ ಹೇಳಲಾಗದ್ದು. ಕೂಡಿಸಿದರೆ ಹೀಗಾಗುತ್ತದೆ:

‘ಹೌದು ಸರ್, 80 ತೋಟಗಳೂ ಸೊಸೈಟಿ ಸದಸ್ಯರವೇ, ಬೇರೆಯವರ ತೋಟ ಒಂದೂ ಇಲ್ಲ. ಸದಸ್ಯರಿಗೆ ಮೈಲುತುತ್ತು ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಶೇ 65 ಎನ್ನುವುದು ತಾಲ್ಲೂಕಿಗೆ ಜಾಸ್ತಿಯಾಗಿರುವ ಸಂಭವ ಇದೆ, ಅದನ್ನು ಸದಸ್ಯರಿಗಷ್ಟೇ ಹೇಳಬೇಕು. ನಷ್ಟದ ಅಂತರ ಮಾತ್ರ ಸದಸ್ಯರನ್ನು ಸದಸ್ಯರ ಜೊತೆ ಹೋಲಿಸಿ ಬಂದದ್ದು, ಸೊಸೈಟಿಯ ಅನುಕೂಲ ಎರಡೂ ಕಡೆ ಇತ್ತು. ಒಂದು ಎಕರೆಗಿಂತ ಕಡಿಮೆ ಇರುವ 22 ಜನರಲ್ಲೂ ಅಂತರ ಅದೇ ದಿಕ್ಕಿಗೆ ಇದೆ, 94ನೇ ಪುಟದ ಕೋಷ್ಟಕದಲ್ಲಿದೆ. ಸಂಖ್ಯೆ ಚಿಕ್ಕದು, ಸುಳಿವು ಅಷ್ಟೇ. ಸದಸ್ಯರಲ್ಲದವರಲ್ಲಿ ಅಂತರ ಎಷ್ಟಿದೆ ಎಂದು ಈ ದತ್ತಾಂಶದಿಂದ ಹೇಳಲಾರೆ.’

ಇಷ್ಟೇ. ನಿಧಾನಕ್ಕೆ ಓದಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಮುಗಿದ ಮೇಲೆ ಸುಮ್ಮನಿರಿ. ಪರೀಕ್ಷಕರು ಪುಟ ತಿರುಗಿಸುತ್ತಿದ್ದರೆ ಆ ಮೌನ ತುಂಬಲು ಹೋಗಿ ‘ಮುಂದಿನ ಸಂಶೋಧನೆಗೆ ಅವಕಾಶವಿದೆ’ ಅಂತ ಶುರು ಮಾಡುವವರು ಬಹಳ. ನನ್ನ ಕೇಳಿದರೆ ಆ ಮಾತು ಈ ಉತ್ತರದಲ್ಲಿ ಬರಲೇಬಾರದು. ಕೇಳಿದ್ದು ನೀವು ಮಾಡಿದ ಕೆಲಸದ ಬಗ್ಗೆ, ಮುಂದೆ ಯಾರೋ ಮಾಡುವ ಕೆಲಸದ ಬಗ್ಗೆ ಅಲ್ಲವಲ್ಲ.

94ನೇ ಪುಟಕ್ಕೆ ಒಂದು ಚೀಟಿ ಅಂಟಿಸಿ, ಅಂಚಿನಿಂದ ಹೊರಗೆ ಕಾಣುವ ಹಾಗೆ. ಚೀಟಿಯ ಮೇಲೆ ‘ಸಣ್ಣ ತೋಟ’ ಅಂತ ಬರೆದಿರಿ. ಹತ್ತು ಬಣ್ಣದ ಇಪ್ಪತ್ತು ಚೀಟಿ ಅಂಟಿಸಿದರೆ ಬೇಕಾದ ಹೊತ್ತಿಗೆ ಯಾವುದೂ ಸಿಗುವುದಿಲ್ಲ.

ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ

‘ಸರಿ, ಅವರನ್ನು ಯಾಕೆ ಸೇರಿಸಲಿಲ್ಲ?’ ಇದು ಬಂದೇ ಬರುತ್ತದೆ. ‘ಸಮಯದ ಅಭಾವ ಸರ್’ ಎಂದರೆ ಅಲ್ಲಿಗೆ ಕೆಟ್ಟಿತು. ವರ್ಷಗಟ್ಟಲೆ ಕೆಲಸ ಮಾಡಿದವರ ಬಾಯಲ್ಲಿ ಅದು ನೆಪದ ಹಾಗೆ ಕೇಳುತ್ತದೆ. ನಿಜವಾದ ಕಾರಣ ಹೇಳಿ: ‘ಹೆಸರು ಆರಿಸಲು ಸಿದ್ಧ ಪಟ್ಟಿ ಬೇಕಿತ್ತು, ಸೊಸೈಟಿಯಲ್ಲಿ ಇತ್ತು. ಸದಸ್ಯರಲ್ಲದವರಿಗೆ ಅಂಥ ಪಟ್ಟಿ ಇರಲಿಲ್ಲ.’ ಪಳಗಿದ ಪರೀಕ್ಷಕರಾದರೆ ಅಲ್ಲಿಗೂ ಬಿಡುವುದಿಲ್ಲ: ‘ಪಹಣಿಯಿಂದ ಪಟ್ಟಿ ಮಾಡಬಹುದಿತ್ತಲ್ಲ?’ ಮಾಡಬಹುದಿತ್ತು. ಹಾಗೇ ಹೇಳಿ. ‘ಮಾಡಬಹುದಿತ್ತು ಸರ್. ಪಹಣಿಯಲ್ಲಿ ಹೆಸರಿರುವವರೇ ತೋಟ ನೋಡಿಕೊಳ್ಳುತ್ತಾರೆ ಅಂತಿಲ್ಲ, ಅಜ್ಜನ ಹೆಸರಲ್ಲೇ ಉಳಿದ ಖಾತೆಗಳಿರುತ್ತವೆ. ಊರೂರಿಗೆ ಹೋಗಿ ತಾಳೆ ನೋಡಬೇಕಾಗುತ್ತಿತ್ತು. ನಾನು ಆ ದಾರಿ ಹಿಡಿಯಲಿಲ್ಲ.’ ಇದರ ಮುಂದೆ ಕೆದಕಲು ಹೆಚ್ಚೇನೂ ಉಳಿಯುವುದಿಲ್ಲ.

ಕೆಡುವುದು ಎಲ್ಲಿ, ಗೊತ್ತಾಗುವುದು ಹೇಗೆ

ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೇಳಿ ನೋಡಿ. ನಿಮ್ಮ ವಿಷಯ ಓದದವರಾದರೆ ಒಳ್ಳೆಯದು. ಉತ್ತರ ಮುಗಿದ ಮೇಲೆ ಅವರನ್ನು ಒಂದೇ ಕೇಳಿ: ‘ನಾನು ಯಾವ ಮಾತು ಬಿಟ್ಟುಕೊಟ್ಟೆ, ಯಾವುದು ಉಳಿಸಿಕೊಂಡೆ?’ ಅವರು ಎರಡನ್ನೂ ಹೇಳಿದರೆ ಸರಿ. ‘ಏನೋ ಸಮರ್ಥನೆ ಮಾಡಿಕೊಂಡ ಹಾಗಿತ್ತು’ ಅಂದರೆ ‘ಹೌದು’ ತಡವಾಗಿ ಬಂದಿದೆ. ‘ಎಲ್ಲಾ ಬಿಟ್ಟುಕೊಟ್ಟ ಹಾಗಿತ್ತು’ ಅಂದರೆ ನಷ್ಟದ ಅಂತರದ ವಾಕ್ಯ ಮೆತ್ತಗಾಗಿದೆ. ಎರಡನೆಯದು ವಿನಯದ ಹೆಸರಲ್ಲಿ ನಮ್ಮ ಕಡೆ ತುಂಬಾ ನಡೆಯುತ್ತದೆ. ‘ನೀವು ಹೇಳಿದ್ದೇ ಸರಿ ಸರ್’ ಅಂತ ಒಪ್ಪುತ್ತಾ ಹೋಗಿ, ಕೊನೆಗೆ ಪರೀಕ್ಷಕರೇ ‘ಹಾಗಾದರೆ ನಿಮ್ಮ ಪ್ರಬಂಧದಲ್ಲಿ ಉಳಿದದ್ದೇನಮ್ಮಾ?’ ಎಂದು ಕೇಳುವಂತಾಗುತ್ತದೆ.

ವೈವಾದ ದಿನವೇ ಗೊತ್ತಾಗುವ ಗುರುತೂ ಒಂದಿದೆ. ಪರೀಕ್ಷಕರು ಅದೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಿದರೆ ನಿಮ್ಮ ಉತ್ತರ ಅವರಿಗೆ ತಲುಪಿಲ್ಲ. ಆಗ ಇಡೀ ಉತ್ತರವನ್ನು ಮೊದಲಿಂದ ಒಪ್ಪಿಸಬೇಡಿ. ‘ತಾಲ್ಲೂಕು ಅನ್ನುವ ಪದ ತಪ್ಪು ಸರ್, ಸದಸ್ಯರು ಅಂತ ಇರಬೇಕಿತ್ತು’ ಎಂಬ ಒಂದು ವಾಕ್ಯ ಸಾಕು.

ಹೀಗೆ ಒಪ್ಪಿಕೊಂಡರೆ ತಿದ್ದುಪಡಿ ಮಾಡಲು ಹೇಳಬಹುದು. ಪೆನ್ನು ತೆಗೆದು ಅಲ್ಲೇ ಪುಟ, ಸಾಲು ಬರೆದುಕೊಳ್ಳಿ. ಹೊಸ ವಾಕ್ಯವನ್ನೂ ಮೊದಲೇ ತಯಾರು ಮಾಡಿಕೊಂಡು ಹೋಗಿ: ‘ಅಧ್ಯಯನ ಮಾಡಿದ 80 ಸೊಸೈಟಿ ಸದಸ್ಯರಲ್ಲಿ 52 ಜನ ಮುಂಗಾರಿಗೆ ಮೊದಲೇ ಔಷಧಿ ಸಿಂಪಡಿಸಿದ್ದರು.’ ಅದನ್ನು ಓದಿ ಹೇಳಿ, ‘ಹೀಗೆ ಬದಲಿಸಲಾ ಸರ್?’ ಎಂದು ಕೇಳಿ. ಇದೇ ಮಾತು ಮುನ್ನುಡಿಯಲ್ಲೂ ಕೊನೆಯ ಅಧ್ಯಾಯದಲ್ಲೂ ಬಂದಿರುತ್ತದೆ, ಅಲ್ಲೂ ತಿದ್ದಬೇಕು.