ಲಾಂಗ್ ವೀಕೆಂಡಿಗೆ ಊರಿಗೆ: ಬುಧವಾರ ಬಸ್ ಹತ್ತಿ ಸೋಮವಾರ ವಾಪಸ್ ಹೊರಡುವ ನನ್ನ ಲೆಕ್ಕ

ಬೆಂಗಳೂರಲ್ಲಿ ಕೆಲಸ, ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ. ನಮ್ಮ ಕಡೆಯವರಿಗೆ ಒಂದು ಎಕ್ಸ್‌ಟ್ರಾ ತಲೆಬಿಸಿ ಉಂಟು ಮಾರಾಯ್ರೆ, ಮಂಗಳೂರಿನವರಿಗೆ ಕರ್ನಾಟಕದ ರಜೆ ಮಾತ್ರ ನೋಡಿದ್ರೆ ಸಾಕು, ನಮಗೆ ಚೌತಿ ದಸರಾದ ರಶ್ಶೂ ತಾಗ್ತದೆ, ಓಣಂ ವಿಷುವಿನ ರಶ್ಶೂ ತಾಗ್ತದೆ. ಕಾಸರಗೋಡಿಗೆ ಡೈರೆಕ್ಟ್ ಹೋಗುವ ರಾತ್ರಿ ಬಸ್ಸುಗಳೇ ಕಡಿಮೆ, ಅದರಲ್ಲಿ ಸುಮಾರು ಕಣ್ಣೂರು ಕಡೆಗೂ ಹೋಗುವಂಥದ್ದು, ಸೀಟು ಬೇಗ ಖಾಲಿ ಆಗ್ತದೆ, ರೇಟು ಏರ್ತದೆ. ಹಾಗಾಗಿ ನಾನು ಡೈರೆಕ್ಟ್ ಬಸ್ ನೋಡೋದನ್ನೇ ಬಿಟ್ಟಿದ್ದೇನೆ. ಮಂಗಳೂರಿಗೋ ಪುತ್ತೂರಿಗೋ ಟಿಕೆಟ್ ಮಾಡಿ ಅಲ್ಲಿಂದ ಲೋಕಲ್ ಬಸ್ಸಲ್ಲಿ ಬರೋದು. ಮಂಗಳೂರಿಂದ ಕಾಸರಗೋಡಿಗೆ 50 ಕಿಲೋಮೀಟರ್ ಅಷ್ಟೆ, ಎರಡೂ ರಾಜ್ಯದ ಸರ್ಕಾರಿ ಬಸ್ಸುಗಳು ಓಡ್ತಾ ಇರ್ತಾವೆ. ಪುತ್ತೂರಲ್ಲಿ ಇಳಿದ್ರೆ ವಿಟ್ಲ, ಪೆರ್ಲ ದಾರಿ.

ಆದ್ರೆ ದುಡ್ಡು ಜಾಸ್ತಿ ಉಳಿಯೋದು ಊರು ಬದಲಿಸಿದ್ದರಿಂದ ಅಲ್ಲ, ದಿನ ಬದಲಿಸಿದ್ದರಿಂದ.

2025ರ ಆಗಸ್ಟ್ 15 ಶುಕ್ರವಾರ ಬಿದ್ದಿತ್ತಲ್ಲ, ಆವಾಗಿನ ಲೆಕ್ಕವನ್ನೇ ಹೇಳ್ತೇನೆ. ಎಲ್ರೂ ಗುರುವಾರ ಆಫೀಸ್ ಮುಗಿಸಿ ಬ್ಯಾಗ್ ಎತ್ತಿಕೊಂಡು ಹೊರಡುವವರು, ಎಲ್ರೂ ಭಾನುವಾರ ರಾತ್ರಿ ವಾಪಸ್ ಹೊರಡುವವರು. ಗುರುವಾರ ರಾತ್ರಿ ಮಂಗಳೂರಿಗೆ ಪ್ರೈವೇಟ್ ಏಸಿ ಸ್ಲೀಪರ್ 1,800 ರೂಪಾಯಿ ತೋರಿಸ್ತಿತ್ತು, ಅದೇ ಬಸ್ಸು ಅದೇ ಬರ್ತು ಬುಧವಾರ ರಾತ್ರಿ 850. ವಾಪಸ್ ಭಾನುವಾರ ರಾತ್ರಿ 2,000, ಸೋಮವಾರ ರಾತ್ರಿ 900. ನಾನು ಬುಧವಾರ ಹೊರಟು ಗುರುವಾರ ಮನೆಯಿಂದ ಕೆಲಸ ಮಾಡಿದೆ, ಸೋಮವಾರವೂ ಸಂಜೆವರೆಗೆ ಮನೆಯಿಂದಲೇ ಕೆಲಸ, ಆಮೇಲೆ ಮಂಗಳೂರಿಗೆ ಬಂದು ರಾತ್ರಿ ಬಸ್ಸು, ಮಂಗಳವಾರ ಬೆಳಿಗ್ಗೆ ಬೆಂಗಳೂರು. ಹೋಗಿಬರ್ಲಿಕ್ಕೆ 3,800ರ ಬದಲು 1,750, ರಜೆ ಒಂದೂ ಹಾಕಿಲ್ಲ. ಒಂದು ಕಷ್ಟ ಅಂದ್ರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದ್ರೆ ಹೋಯ್ತು, ನೆಟ್ಟೂ ಹೋಗ್ತದೆ, ಅದಕ್ಕೆ ಇಂಪಾರ್ಟೆಂಟ್ ಮೀಟಿಂಗ್ ಇರುವ ದಿನ ಇದನ್ನು ಟ್ರೈ ಮಾಡ್ಲಿಕ್ಕೆ ಹೋಗ್ಬೇಡಿ, ಅಥವಾ ಪೇಟೆಯಲ್ಲಿ ಯಾರಾದ್ರೂ ಗೆಳೆಯರ ಮನೆ ನೋಡಿಟ್ಟುಕೊಳ್ಳಿ.

ಇಲ್ಲಿ ಬುಧವಾರ ಅಂತ ಉರು ಹೊಡೆಯೋದಲ್ಲ. ರಜೆಗೆ ಮೊದಲಿನ ಕೊನೆಯ ವರ್ಕಿಂಗ್ ಡೇ ಯಾವುದು ಅಂತ ನೋಡ್ಬೇಕು, ಆ ದಿನದ ರಾತ್ರಿಯೇ ದುಬಾರಿ ರಾತ್ರಿ, ಅದಕ್ಕೆ ಒಂದು ರಾತ್ರಿ ಮೊದಲು ಹೊರಡೋದು. ಅದೇ ವರ್ಷ ಆಯುಧಪೂಜೆ ಅಕ್ಟೋಬರ್ 1, ಬುಧವಾರ, ಮರುದಿನ ವಿಜಯದಶಮಿ, ಗಾಂಧಿ ಜಯಂತಿ ಒಟ್ಟಿಗೆ. ಆಗ ಮಂಗಳವಾರ ರಾತ್ರಿಯೇ ಪೀಕ್, ಬುಧವಾರ ಚೀಪ್ ಅಂತ ನಂಬಿ ಕೂತವರಿಗೆ ಏನೂ ಉಪಯೋಗ ಇಲ್ಲ, ಸೋಮವಾರ ರಾತ್ರಿಯದ್ದು ನೋಡ್ಬೇಕಿತ್ತು. ವಾಪಸ್ಸಿಗೂ ಹಾಗೆಯೇ, ರಜೆ ಮುಗಿಯುವ ಕೊನೆಯ ರಾತ್ರಿ ಬಿಟ್ಟು ಅದರ ಮರುದಿನ. ಶನಿವಾರ ರಾತ್ರಿ ವಾಪಸ್ ಬಂದ್ರೂ ಕಡಿಮೆ ಆಗ್ತದೆ, ಆದ್ರೆ ಅಷ್ಟು ದೂರ ಹೋಗಿ ಭಾನುವಾರ ಬೆಂಗಳೂರಿನ ರೂಮಲ್ಲಿ ಕೂರ್ಲಿಕ್ಕೆ ನನಗೆ ಮನಸ್ಸಿಲ್ಲ.

ವರ್ಕ್ ಫ್ರಂ ಹೋಂ ಇಲ್ಲದವರಿಗೆ? ನನ್ನ ತಂಗಿಗೆ ಇಲ್ಲ. ಅವಳು ಸೋಮವಾರ ಒಂದು ರಜೆ ಹಾಕಿ ಹಗಲಲ್ಲಿ ಬರ್ತಾಳೆ, ಅದೂ ಬುಕ್ಕಿಂಗೇ ಇಲ್ಲದೆ. ಬೆಳಿಗ್ಗೆ ಬೇಗ ಮುಳ್ಳೇರಿಯ ಕಡೆಯಿಂದ ಜಾಲ್ಸೂರು ದಾಟಿ ಸುಳ್ಯ, ಸುಳ್ಯದಿಂದ ಸಂಪಾಜೆ, ಮಡಿಕೇರಿ ಮೇಲೆ ಮೈಸೂರಿಗೆ ಹೋಗುವ ಸರ್ಕಾರಿ ಎಕ್ಸ್‌ಪ್ರೆಸ್ ಬಸ್ಸು, ಮೈಸೂರಿಂದ ಬೆಂಗಳೂರಿಗೆ ರೈಲು ಅಥವಾ ಬಸ್ಸು, ಅದಕ್ಕಂತೂ ಕಾಯೋದೇ ಬೇಡ. ಈ ದಾರಿಯಲ್ಲಿ ಕಂಡಕ್ಟರ್ ಕೊಡುವ ಟಿಕೆಟ್ಟಿಗೆ ದಿನಕ್ಕೊಂದು ರೇಟಿಲ್ಲ, ಡಿಮ್ಯಾಂಡ್ ಜಾಸ್ತಿ ಉಂಟು ಅಂತ ಡಬಲ್ ಮಾಡುವವರೂ ಇಲ್ಲ. ಇಡೀ ದಿನ ಹೋಗ್ತದೆ, ಸುಸ್ತೂ ಆಗ್ತದೆ, ಸುಳ್ಯದಲ್ಲಿ ಸೀಟು ಸಿಗದಿದ್ರೆ ಮಡಿಕೇರಿವರೆಗೆ ನಿಂತುಕೊಂಡು ತಿರುವುಗಳಲ್ಲಿ ಕಂಬಿ ಹಿಡ್ಕೊಂಡೇ ಬರ್ಬೇಕು, ವಾಂತಿ ಬರುವವರಿಗೆ ಇದು ಬೇಡವೇ ಬೇಡ. ಇದೇ ದಾರಿ ಭಾನುವಾರ ಮಾತ್ರ ಹಿಡಿಬೇಡಿ, ಕೊಡಗಿಗೆ ಬಂದ ಟೂರಿಸ್ಟ್ ಕಾರುಗಳೆಲ್ಲ ಅವತ್ತು ಮಧ್ಯಾಹ್ನದ ಮೇಲೆ ಮೈಸೂರು ಕಡೆಗೆ ಇಳೀತಾವೆ. ದಸರಾ ಟೈಮಲ್ಲೂ ಮೈಸೂರು ದಾರಿ ಬೇಡ. ಮತ್ತೆ ಹೆಂಗಸರಿಗೆ ಫ್ರೀ ಅಲ್ವಾ ಅಂತ ಕೇಳ್ತಾರೆ, ಶಕ್ತಿ ಯೋಜನೆ ಇರೋದು ಕರ್ನಾಟಕದವರಿಗೆ, ತಂಗಿಯ ಆಧಾರಲ್ಲಿ ಕೇರಳದ ಅಡ್ರೆಸ್ಸು, ಮನೆಯಲ್ಲಿ ಮಾತಾಡೋದು ಕನ್ನಡ ಅಂತ ಕಂಡಕ್ಟರಿಗೆ ಹೇಳಿ ಏನು ಪ್ರಯೋಜನ, ಅವಳು ದುಡ್ಡು ಕೊಟ್ಟೇ ಬರೋದು.

ರೈಲಿನ ಕಥೆ ಬೇರೆ. ಬೆಂಗಳೂರು–ಕಣ್ಣೂರು ಎಕ್ಸ್‌ಪ್ರೆಸ್, ನಂಬರ್ 16511, ಹಾಸನ, ಸುಬ್ರಹ್ಮಣ್ಯ ರೋಡ್, ಮಂಗಳೂರು ಸೆಂಟ್ರಲ್ ಮೇಲೆ ಕಾಸರಗೋಡಿಗೇ ಬರ್ತದೆ, ಸ್ಲೀಪರ್ ಕ್ಲಾಸಿನ ರೇಟು ಬುಧವಾರವೂ ಒಂದೇ, ಗುರುವಾರವೂ ಒಂದೇ. ಹಾಗಾಗಿ ರೈಲಲ್ಲಿ ದಿನ ಬದಲಿಸಿದ್ರೆ ದುಡ್ಡು ಉಳಿಯೋದಲ್ಲ, ಸೀಟು ಸಿಗೋದು. ಈಗ ಬುಕ್ಕಿಂಗ್ 60 ದಿನ ಮೊದಲು ಬೆಳಿಗ್ಗೆ 8 ಗಂಟೆಗೆ ಓಪನ್, 2024ರ ನವೆಂಬರಿಗೆ ಮೊದಲು 120 ದಿನ ಇತ್ತು. ಆಗಸ್ಟ್ 13ರ ಟಿಕೆಟ್ಟಿಗೆ ಜೂನ್ 14ಕ್ಕೆ ಕೂರ್ಬೇಕು. ರಜೆಯ ಮುಂಚಿನ ರಾತ್ರಿಯ ಟಿಕೆಟ್ ನೋಡ್ತಾ ನೋಡ್ತಾ ವೇಟಿಂಗ್ ಲಿಸ್ಟಿಗೆ ಹೋಗ್ತದೆ, ಅದರ ಹಿಂದಿನ ರಾತ್ರಿಯದ್ದು ಸ್ವಲ್ಪ ನಿಧಾನಕ್ಕೆ ತುಂಬ್ತದೆ. ನಾನು ಹೋಗ್ಲಿಕ್ಕೆ ರೈಲು ಸಿಕ್ಕಿದ್ರೆ ರೈಲು, ವಾಪಸ್ಸಿಗೆ ಬಸ್ಸು ಅಂತ ಇಟ್ಕೊಂಡಿದ್ದೇನೆ, ಯಾಕಂದ್ರೆ ವಾಪಸ್ ಬರುವ ದಿನ ಕೊನೆಗೂ ಒಂದಿಷ್ಟು ಹಿಂದೆ ಮುಂದೆ ಆಗಿಯೇ ಆಗ್ತದೆ.

ಇನ್ನೊಂದು ವಿಷಯ ಸುಮಾರು ಜನ ಯೋಚಿಸೋದೇ ಇಲ್ಲ. ಗುರುವಾರ ರಾತ್ರಿ ಬೆಂಗಳೂರಿಂದ ಸ್ಪೆಷಲ್ ಬಸ್ಸು ಅಂತ ಸಾಲಾಗಿ ಬಿಡ್ತಾರಲ್ಲ, ಅವು ಶುಕ್ರವಾರ ಬೆಂಗಳೂರಿಗೆ ಹಿಂದೆ ಹೋಗ್ಲೇಬೇಕು, ಆ ಕಡೆಗೆ ಹತ್ತುವವರು ಯಾರು? ಭಾನುವಾರ ರಾತ್ರಿ ಮಂಗಳೂರಿಂದ ಬೆಂಗಳೂರಿಗೆ 2,000 ಇದ್ದಾಗ ಬೆಂಗಳೂರಿಂದ ಮಂಗಳೂರಿಗೆ 700ಕ್ಕೂ ಸೀಟು ಇತ್ತು. ಅದಕ್ಕೆ ರಜೆ ಹಾಕ್ಲಿಕ್ಕೇ ಆಗದ ಸಲ ನಾನು ಹೋಗೋದಿಲ್ಲ, ಅಪ್ಪ ಅಮ್ಮನನ್ನೇ ಇಲ್ಲಿಗೆ ಕರೆಸ್ತೇನೆ, ಶುಕ್ರವಾರ ಬಂದು ಭಾನುವಾರ ರಾತ್ರಿ ಹೊರಡುವ ಹಾಗೆ. ಅಪ್ಪನಿಗೆ ತೋಟಕ್ಕೆ ಮದ್ದು ಬಿಡುವ ಸಮಯ ಆದ್ರೆ ಒಪ್ಪೋದಿಲ್ಲ, ಅದು ಬೇರೆ.

ರೇಟು ಏರ್ತದಾ ಇಳೀತದಾ ಅಂತ ಹೇಗೆ ಗೊತ್ತಾಗೋದು ಅಂದ್ರೆ, ನಾನು ಸೀಟ್ ಮ್ಯಾಪ್ ನೋಡ್ತೇನೆ. ಒಂದು ವಾರ ಇರುವಾಗ ಕೆಳಗಿನ ಸಿಂಗಲ್ ಬರ್ತುಗಳೆಲ್ಲ ಹೋಗಿದ್ರೆ ಅವತ್ತೇ ಬುಕ್ ಮಾಡೋದು, ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ರೆ ಕಾಯ್ಬಹುದು, ಹೊರಡುವ ದಿನ ಮಧ್ಯಾಹ್ನ ನೂರಿನ್ನೂರು ಇಳಿಸುವವರೂ ಇದ್ದಾರೆ. ಇದು ವಾರದ ಮಧ್ಯದ ದಿನಕ್ಕೆ ಮಾತ್ರ, ಪೀಕ್ ರಾತ್ರಿಗೆ ಹೀಗೆ ಕಾದ್ರೆ ಸಿಗೋದು ಲಾಸ್ಟ್ ರೋದ ಮೇಲಿನ ಬರ್ತು. ಕ್ಯಾನ್ಸಲೇಶನ್ ರೂಲ್ಸ್ ಕೂಡ ಓದಿ, ಕಡಿಮೆ ರೇಟಿನ ಟಿಕೆಟಲ್ಲಿ ಕೆಲವು ಸಲ ಒಂದು ಪೈಸೆಯೂ ವಾಪಸ್ ಬರೋದಿಲ್ಲ. ಮಳೆ ಜೋರಿದ್ದು ಶಿರಾಡಿ ಘಾಟಲ್ಲಿ ಗುಡ್ಡ ಕುಸಿದ್ರೆ ಬಸ್ಸು ಸುತ್ತಿ ಹೋಗೋದೋ ಕ್ಯಾನ್ಸಲ್ ಆಗೋದೋ ಇದ್ದದ್ದೇ, ಜುಲೈ ಆಗಸ್ಟಲ್ಲಿ ಸೋಮವಾರ ರಾತ್ರಿ ಬಸ್ಸಿಗೆ ಬುಕ್ ಮಾಡಿದ್ರೆ ಮಂಗಳವಾರ ಬೆಳಿಗ್ಗೆ ತಡ ಆಗಬಹುದು ಅಂತ ಆಫೀಸಲ್ಲಿ ಮೊದಲೇ ಒಂದು ಮಾತು ಹಾಕಿಡಿ.